ಬದುಕಿನ ತಿರುವಿಗೆ 22 ಕಾರ್ಡ್: ಟ್ಯಾರೋದ ಮೇಜರ್ ಅರ್ಕಾನಾವನ್ನು ಹಾದಿಯಾಗಿ ಓದುವುದು ಹೇಗೆ?

ಟ್ಯಾರೋ ಕಟ್ಟಿನಲ್ಲಿ ಒಟ್ಟು 78 ಕಾರ್ಡ್‌ಗಳು. ಅದರಲ್ಲಿ 56 ನಮ್ಮ ಇಸ್ಪೀಟಿನ ಹತ್ತಿರದ ಸಂಬಂಧಿಗಳೇ: ನಾಲ್ಕು ಬಣ್ಣ, ಒಂದರಿಂದ ಹತ್ತು, ರಾಜ ರಾಣಿಯರು. ಉಳಿದ 22 ಬೇರೆಯೇ ಜಾತಿ. ಇವಕ್ಕೆ ಬಣ್ಣವಿಲ್ಲ, ಹೆಸರು, ಚಿತ್ರ ಮತ್ತು ಸಂಖ್ಯೆಗಳಿವೆ. ಇವೇ ಮೇಜರ್ ಅರ್ಕಾನಾ. ಕೆಲಸ ಬಿಡುವುದು, ಮದುವೆ ಮುರಿಯುವುದು, ಊರು ಬದಲಿಸುವುದು ಇಂಥ ದೊಡ್ಡ ಪ್ರಶ್ನೆ ಬಂದಾಗ ಅನೇಕರು ಆ 56ನ್ನು ಬದಿಗಿಟ್ಟು ಈ 22ರಲ್ಲೇ ಓದುತ್ತಾರೆ. ಹಾಗೆ ಓದುವುದು ಹೇಗೆ, ಎಲ್ಲಿ ಎಡವುತ್ತಾರೆ ಎಂಬುದನ್ನು ನೋಡೋಣ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಅದೂ ಆಟದ ಎಲೆಯಾಗಿ. ಆ 22ರಲ್ಲಿ ಹೆಚ್ಚಿನವು ಆಟದ ತುರುಫುಗಳು. ಭವಿಷ್ಯ ಕೇಳುವ ರೂಢಿ ಬೆಳೆದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಇದನ್ನು ಒಬ್ಬ ಮನುಷ್ಯನ ಜೀವನಯಾತ್ರೆ ಎಂದು ನೋಡುವ ಕ್ರಮ ಅದಕ್ಕಿಂತ ಈಚಿನದು. ಕಾರ್ಡ್‌ಗಳು ಮುಂದಾಗುವುದನ್ನು ತಿಳಿಸುತ್ತವೆ ಎನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಈ ಓದಿನ ಉಪಯೋಗ ಬೇರೆ. ಗೊಂದಲದಲ್ಲಿರುವವರಿಗೆ ತಮ್ಮ ಸ್ಥಿತಿಯನ್ನು ಬಿಡಿಸಿ ಹೇಳಿಕೊಳ್ಳಲು ಇದೊಂದು ಚೌಕಟ್ಟು.

ಮೊದಲು ಹಾದಿಯನ್ನು ಹಾಸಿ

ಇಲ್ಲಿ ಹೇಳುತ್ತಿರುವುದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಆರ್ಥರ್ ಎಡ್ವರ್ಡ್ ವೇಟ್ ಯೋಜಿಸಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಕಟ್ಟಿನ ಬಗ್ಗೆ. ಈಗ ಸಿಗುವ ಕಟ್ಟುಗಳಲ್ಲಿ ಬಹಳಷ್ಟು ಇದರದೇ ಮರಿಗಳು. ನಿಮ್ಮ ಕೈಯಲ್ಲಿರುವುದು ಹಳೆಯ ಮಾರ್ಸೇ ಮಾದರಿಯದಾದರೆ ಒಂದು ವ್ಯತ್ಯಾಸ ಗಮನಿಸಿ: ಅದರಲ್ಲಿ 8 ಜಸ್ಟೀಸ್, 11 ಸ್ಟ್ರೆಂಗ್ತ್. ವೇಟ್ ಕಟ್ಟಿನಲ್ಲಿ ಇವೆರಡೂ ಅದಲು ಬದಲಾಗಿವೆ. ಒಂದು ಕಟ್ಟಿಗೆ ಬರೆದ ಪುಸ್ತಕ ಹಿಡಿದು ಇನ್ನೊಂದನ್ನು ಓದಿದರೆ ಹಾದಿಯ ನಡುವೆ ಲೆಕ್ಕ ತಪ್ಪುತ್ತದೆ.

22 ಕಾರ್ಡ್‌ಗಳನ್ನು ಬೇರ್ಪಡಿಸಿ, ಚಿತ್ರ ಮೇಲೆ ಬರುವಂತೆ ಮೇಜಿನ ಮೇಲೆ ಜೋಡಿಸಿ. ಸೊನ್ನೆ ಸಂಖ್ಯೆಯ ಫೂಲ್ ಒಂಟಿಯಾಗಿ ಮೇಲಿರಲಿ. ಅದರ ಕೆಳಗೆ ಏಳೇಳರ ಮೂರು ಸಾಲು: 1ರಿಂದ 7, 8ರಿಂದ 14, 15ರಿಂದ 21. ಫೂಲ್ ಅಂದರೆ ಪಯಣಿಗ. ಹೆಗಲ ಮೇಲಿನ ಕೋಲಿಗೆ ಪುಟ್ಟ ಗಂಟು, ಕೈಯಲ್ಲಿ ಬಿಳಿ ಗುಲಾಬಿ, ಕಾಲ ಬಳಿ ನಾಯಿ, ಮುಂದೆ ಪ್ರಪಾತ; ಅವನ ಕಣ್ಣು ಮಾತ್ರ ಆಕಾಶದ ಕಡೆ. ಉಳಿದ 21 ಅವನು ಹಾಯುವ ತಾಣಗಳು.

ಮೊದಲ ಸಾಲು ಹೊರಗಿನ ಬದುಕು. ಕೈಕಸುಬು, ತಾಯಿ ತಂದೆ, ಗುರು, ಆಯ್ಕೆ, ಕೊನೆಗೆ ರಥವೇರಿ ಹೊರಡುವ ಚಾರಿಯಟ್. ಲೋಕ ನಮ್ಮಿಂದ ಕೇಳುವುದನ್ನು ಕಲಿತು ಮುಗಿಸುವ ಹಂತ ಇದು. ಎರಡನೇ ಸಾಲಿನಲ್ಲಿ ಪಯಣ ಒಳಕ್ಕೆ ತಿರುಗುತ್ತದೆ. ಗುಡ್ಡದ ಮೇಲೆ ಒಬ್ಬನೇ ನಿಂತ ಹರ್ಮಿಟ್, ತಲೆಕೆಳಗಾಗಿ ತೂಗುವ ಹ್ಯಾಂಗ್ಡ್ ಮ್ಯಾನ್, ಡೆತ್, ನಂತರ ಎರಡು ಬಟ್ಟಲುಗಳ ನಡುವೆ ನೀರು ಹೊಯ್ಯುವ ಟೆಂಪರೆನ್ಸ್ ಈ ಸಾಲಿನವರು. ಮೂರನೇ ಸಾಲು ನಮ್ಮ ಕೈ ಮೀರಿದ್ದು: ಕಟ್ಟಿಹಾಕುವ ಡೆವಿಲ್, ಸಿಡಿಲೆರಗುವ ಟವರ್, ಆಮೇಲೆ ನಕ್ಷತ್ರ, ಚಂದ್ರ, ಸೂರ್ಯ, ಕೊನೆಗೆ ವರ್ಲ್ಡ್. ಕಾರ್ಡ್‌ಗೆ ಹತ್ತು ಅರ್ಥ ಬಾಯಿಪಾಠ ಮಾಡುವುದಕ್ಕಿಂತ ಅದು ಯಾವ ಸಾಲಿನದು, ಅಕ್ಕಪಕ್ಕ ಯಾರಿದ್ದಾರೆ ಎಂಬುದನ್ನು ತಿಳಿದಿರುವುದೇ ಈ ಓದಿಗೆ ಮುಖ್ಯ. ಮೇಜಿನ ಮೇಲಿನ ಈ ಜೋಡಣೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆಯನ್ನು ತಿದ್ದಿಕೊಳ್ಳಿ

"ಈ ಕೆಲಸ ಒಪ್ಪಿಕೊಳ್ಳಲೇ, ಬೇಡವೇ?" ಎಂಬ ಪ್ರಶ್ನೆಗೆ ಹಾದಿ ಉತ್ತರ ಕೊಡುವುದಿಲ್ಲ. ಹಾದಿಯ ಮೇಲೆ ಹೌದು, ಇಲ್ಲ ಎಂಬ ತಾಣಗಳಿಲ್ಲ. ಕೇಳಬೇಕಾದ್ದು ಮೂರು: ಯಾವ ಹಂತ ಮುಗಿಯಿತು, ಈಗ ಎಲ್ಲಿದ್ದೇನೆ, ಮುಂದಿನ ಹೆಜ್ಜೆಯ ಸ್ವಭಾವ ಎಂಥದ್ದು. ಒಂದೊಂದಕ್ಕೂ ಒಂದು ಕಾರ್ಡ್, ಎಡದಿಂದ ಬಲಕ್ಕೆ. ಪ್ರಶ್ನೆಯನ್ನು ಚೀಟಿಯ ಮೇಲೆ ಬರೆದಿಡಿ. ಬರೆಯದಿದ್ದರೆ ಕಾರ್ಡ್ ಬಿದ್ದ ಮೇಲೆ ಪ್ರಶ್ನೆಯೇ ಮೆಲ್ಲಗೆ ಕಾರ್ಡ್‌ಗೆ ಹೊಂದಿಕೊಳ್ಳತೊಡಗುತ್ತದೆ. ಇದು ಎಲ್ಲರಲ್ಲೂ ಆಗುವ ಎಡವಟ್ಟು.

ಈಗ 22ನ್ನೂ ಒಟ್ಟುಗೂಡಿಸಿ, ಬೆನ್ನು ಮೇಲೆ ಮಾಡಿ, ಮೇಜಿನ ಮೇಲೆ ಹರಡಿ ಎರಡೂ ಕೈಯಿಂದ ಕಲೆಸಿ. ಸಂಖ್ಯೆಯ ಕ್ರಮದಲ್ಲಿ ಜೋಡಿಸಿಟ್ಟ ತೆಳು ಕಟ್ಟನ್ನು ಕೈಯಲ್ಲಿ ಎರಡು ಸಲ ಆಡಿಸಿದರೆ ಸಾಲದು, ಅಕ್ಕಪಕ್ಕದ ಸಂಖ್ಯೆಗಳು ಅಂಟಿಕೊಂಡೇ ಬರುತ್ತವೆ. ತಲೆಕೆಳಗಾಗಿ ಬಂದ ಕಾರ್ಡ್‌ಗೆ ಬೇರೆ ಅರ್ಥ ಕೊಡುವ ಪದ್ಧತಿಯೂ ಇದೆ. ಈ ಓದಿನಲ್ಲಿ ಅದನ್ನು ಬಿಟ್ಟು ಎಲ್ಲವನ್ನೂ ನೆಟ್ಟಗೆ ಮಾಡಿಕೊಳ್ಳುವುದು ಲೇಸು. ಹಾದಿಯ ಹಿಂದು ಮುಂದನ್ನು ಸಂಖ್ಯೆಗಳೇ ಹೇಳುತ್ತವೆ.

ಒಂದು ಓದು, ಪೂರ್ತಿಯಾಗಿ

ಒಬ್ಬರು ಕೇಳಲು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ವಯಸ್ಸು 43. ಐದು ತಿಂಗಳ ಹಿಂದೆ ಅವರಿದ್ದ ಕಂಪನಿ ಬಾಗಿಲು ಹಾಕಿದೆ. ಹಳೆಯ ಸಹೋದ್ಯೋಗಿಯ ಸಣ್ಣ ಸಂಸ್ಥೆಯಲ್ಲಿ ಕಡಿಮೆ ಸಂಬಳದ ಕೆಲಸವಿದೆ. ಇಲ್ಲವಾದರೆ ಊರಿಗೆ ಹೋಗಿ ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲುದಾರರಾಗಬಹುದು. ಬಿದ್ದ ಕಾರ್ಡ್‌ಗಳು: ಎಡಕ್ಕೆ 16 ಟವರ್, ನಡುವೆ 9 ಹರ್ಮಿಟ್, ಬಲಕ್ಕೆ 6 ಲವರ್ಸ್.

ಅರ್ಥಕ್ಕೆ ಕೈಹಾಕುವ ಮೊದಲು ಸಂಖ್ಯೆ ನೋಡಿ. 16, 9, 6. ಇಳಿಯುತ್ತಾ ಹೋಗಿದೆ, ಮೂರನೇ ಸಾಲು, ಎರಡನೇ ಸಾಲು, ಮೊದಲ ಸಾಲು. ಹೊಸಬರು ಇದನ್ನು ಕಂಡು "ನೀವು ಹಿಂದೆ ಬೀಳುತ್ತಿದ್ದೀರಿ" ಎಂದುಬಿಡುತ್ತಾರೆ. ಹಾಗಲ್ಲ. ಪಯಣದ ಕೊನೆಯ ಭಾಗದಲ್ಲಿ ಬರಬೇಕಾದ ಪೆಟ್ಟು ಮೊದಲೇ ಬಿತ್ತು, ಅದಕ್ಕೆ ಬೇಕಾದ ಒಳಗಿನ ತಯಾರಿ ಈಗ ನಡೆಯುತ್ತಿದೆ, ಅದು ಮುಗಿದ ಮೇಲೆ ಹೊರಗಿನ ಆಯ್ಕೆ ಕಾದಿದೆ ಎಂದು ಓದಬೇಕು. ಕಂಪನಿ ತಾನಾಗಿ ಮುಚ್ಚಿದವರ ವಿಷಯದಲ್ಲಿ ಈ ಕ್ರಮ ಸಹಜವೇ.

ಟವರಿನಲ್ಲಿ ಸಿಡಿಲು ಗೋಪುರದ ಕಿರೀಟವನ್ನು ಹಾರಿಸಿದೆ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಅವರು ಹಾರಿದ್ದಲ್ಲ, ಬಿದ್ದದ್ದು. "ನನ್ನಿಂದೇನು ತಪ್ಪಾಯಿತು?" ಎಂದು ಇವರು ಐದು ತಿಂಗಳಿಂದ ಕೇಳಿಕೊಳ್ಳುತ್ತಿದ್ದರೆ, ಚಿತ್ರ ತೋರಿಸಿ ಈ ಮಾತು ಹೇಳಬಹುದು. ಕಿರೀಟವನ್ನೂ ಬಿಡಬೇಡಿ. ಹೋದದ್ದು ಸಂಬಳ ಮಾತ್ರವೋ, ಹುದ್ದೆಯ ಗತ್ತೂ ಸೇರಿತ್ತೋ ಎಂದು ಕೇಳಿ.

ಇನ್ನು ನಡುವಿನ ಕಾರ್ಡ್. ಹರ್ಮಿಟ್ ಹಿಮದ ನೆತ್ತಿಯಲ್ಲಿ ಕಂದೀಲು ಹಿಡಿದು ನಿಂತಿದ್ದಾನೆ. ಅವನ ಮುಖ ನೋಡುವವರ ಎಡಕ್ಕೆ. ಈ ಸಾಲಿನಲ್ಲಿ ಎಡಕ್ಕಿರುವುದು ಟವರ್. ಅಂದರೆ ಅವನು ಬಿದ್ದ ಗೋಪುರದ ಕಡೆಗೇ ದೀಪ ಹಿಡಿದಿದ್ದಾನೆ, ಲವರ್ಸ್‌ಗೆ ಬೆನ್ನು ಹಾಕಿದ್ದಾನೆ. ಇವೆರಡು ಆಯ್ಕೆಗಳನ್ನು ತಿಂಗಳುಗಟ್ಟಲೆ ತೂಗಿದರೂ ತೀರ್ಮಾನವಾಗದಿರುವುದಕ್ಕೆ ಕಾರಣ ಆಯ್ಕೆಗಳಲ್ಲಿ ಇಲ್ಲದಿರಬಹುದು. ಅವರ ಗಮನ ಇನ್ನೂ ಅತ್ತ ತಿರುಗಿಯೇ ಇಲ್ಲದಿರಬಹುದು. ಕಾರ್ಡಿನ ಒಳಗಿನ ಮುಖಗಳು ಯಾವ ಕಡೆ ನೋಡುತ್ತಿವೆ ಎಂಬ ಈ ಒಂದು ಸಂಗತಿಯಿಂದ ಸಿಗುವಷ್ಟು ಪುಸ್ತಕದ ಅರ್ಥಪಟ್ಟಿಯಿಂದ ಸಿಗುವುದಿಲ್ಲ.

ಲವರ್ಸ್ ಬಿತ್ತೆಂದು ಪ್ರೇಮದ ಮಾತು ತೆಗೆಯಬೇಡಿ. ಚಿತ್ರದಲ್ಲಿ ಗಂಡಸು ಹೆಂಗಸಿನ ಕಡೆ, ಹೆಂಗಸು ಮೇಲಿನ ದೇವದೂತನ ಕಡೆ ನೋಡುತ್ತಿದ್ದಾರೆ. ಅವಳ ಬೆನ್ನ ಹಿಂದೆ ಹಾವು ಸುತ್ತಿದ ಹಣ್ಣಿನ ಮರ. ಇದು ಯಾರೊಂದಿಗೆ ಸೇರುತ್ತೇನೆ, ಯಾವ ಬೆಲೆಗೆ ಸೇರುತ್ತೇನೆ ಎಂಬ ಪ್ರಶ್ನೆಯ ಕಾರ್ಡ್. ಎರಡೂ ಬಾಗಿಲುಗಳಲ್ಲಿ ಒಬ್ಬ ವ್ಯಕ್ತಿ ನಿಂತಿದ್ದಾನೆ ಎಂಬುದು ಇಲ್ಲಿ ಬೆಳಕಿಗೆ ಬರುತ್ತದೆ: ಗೆಳೆಯ ಮತ್ತು ಅಣ್ಣ. ಕೆಲಸಕ್ಕಿಂತ ಆ ಸಂಬಂಧದಲ್ಲಿ ಲೆಕ್ಕಪತ್ರ ಹೇಗಿರುತ್ತದೆ ಎಂಬುದನ್ನು ಕೇಳಬೇಕು.

ಕೊನೆಯದಾಗಿ ಫೋಟೊ ತೆಗೆದು 9ಕ್ಕೂ 6ಕ್ಕೂ ನಡುವೆ ಏನಿದೆ ನೋಡಿ. 8 ಸ್ಟ್ರೆಂಗ್ತ್: ಸಿಂಹದ ಬಾಯಿಯನ್ನು ಬರಿಗೈಯಲ್ಲಿ ಮೆಲ್ಲಗೆ ಮುಚ್ಚುವ ಹೆಂಗಸು. 7 ಚಾರಿಯಟ್: ಲಗಾಮಿಲ್ಲದ ರಥ, ಒಂದು ಕಪ್ಪು ಒಂದು ಬಿಳಿ ಸ್ಫಿಂಕ್ಸ್. ಬೀಳದೆ ಉಳಿದ ಈ ಎರಡು ಕಾರ್ಡ್‌ಗಳೇ ದಾಟಬೇಕಾದ ಮೆಟ್ಟಿಲು. ಮೊದಲು ಸಿಟ್ಟನ್ನು ಪಳಗಿಸಬೇಕು. ಆಮೇಲೆ ರಥದಿಂದ ಇಳಿಯಬೇಕು, ಅಂದರೆ ಹಳೆಯ ಹುದ್ದೆಯ ಅಳತೆಯಲ್ಲಿ ಹೊಸದನ್ನು ಅಳೆಯುವುದನ್ನು ಬಿಡಬೇಕು. ಯಾವ ಬಾಗಿಲು ಎಂದು ಓದು ಹೇಳಲಿಲ್ಲ. ಆದರೆ ಗೆಳೆಯನೊಂದಿಗೂ ಅಣ್ಣನೊಂದಿಗೂ ಹಣದ ಮಾತನ್ನು ಬಿಚ್ಚಿ ಆಡಿದ ಮೇಲಷ್ಟೇ ಇದು ತೀರ್ಮಾನವಾಗುವಂಥದ್ದು ಎಂಬಲ್ಲಿಗೆ ಬಂದೆವು.

ಎಲ್ಲಿ ಕೆಡುತ್ತದೆ

ಸಂಖ್ಯೆಗಳು ಯಾವಾಗಲೂ ಹೀಗೆ ಅಚ್ಚುಕಟ್ಟಾಗಿ ಬೀಳುವುದಿಲ್ಲ. ಮೂರು ಕಾರ್ಡ್ ಏರುಕ್ರಮದಲ್ಲಿ ಬರುವುದು ಆರರಲ್ಲಿ ಒಂದು ಸಲ, ಇಳಿಕ್ರಮದಲ್ಲಿ ಇನ್ನೊಂದು ಸಲ. ಉಳಿದ ನಾಲ್ಕು ಸಲ ಹಿಂದೆ ಮುಂದೆ ಆಗಿರುತ್ತದೆ. ಆಗ ಮೊದಲ ಮತ್ತು ಮೂರನೇ ಕಾರ್ಡನ್ನು ಹಿಡಿದು ದಿಕ್ಕು ನಿರ್ಧರಿಸಿ, ನಡುವಿನದನ್ನು ಬಳಸುದಾರಿ ಎಂದು ಓದಿ.

ಹೆದರಿಸುವ ಕಾರ್ಡ್‌ಗಳ ವಿಷಯದಲ್ಲೂ ಲೆಕ್ಕ ನೆನಪಿರಲಿ. 22ರಲ್ಲಿ ಮೂರು ತೆಗೆದಾಗ ಡೆತ್ ಅಥವಾ ಟವರ್ ಎರಡರಲ್ಲಿ ಒಂದಾದರೂ ಬರುವ ಸಾಧ್ಯತೆ ಶೇ 26. ನಾಲ್ಕು ಓದಿಗೆ ಒಂದು ಸಲ ಬರುವುದನ್ನು ಅಪಶಕುನ ಎನ್ನಲಾಗದು. ಡೆತ್ ಬಂದರೆ ಸಾವಿನ ಮಾತು ಆಡಲೇಬೇಡಿ. ಹಾದಿಯಲ್ಲಿ ಅದು 13ನೆಯದು, ಇನ್ನೂ ಎಂಟು ತಾಣ ಬಾಕಿ ಇವೆ. ಚಿತ್ರದ ಹಿನ್ನೆಲೆಯಲ್ಲಿ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ. ವರ್ಲ್ಡ್ ಬಂದರೂ ಅಷ್ಟೇ, ಕೆಲಸ ಗೆದ್ದಿತೆಂದಲ್ಲ. ಒಂದು ಸುತ್ತು ಮುಗಿಯಿತು, ಮತ್ತೆ ಫೂಲ್‌ನಿಂದ ಶುರು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಮತ್ತೆ ಮತ್ತೆ ತೆಗೆಯುವುದರಿಂದ. ಮೊದಲ ಉತ್ತರ ಹಿಡಿಸಲಿಲ್ಲವೆಂದು ಅದೇ ಸಂಜೆ ಇನ್ನೊಮ್ಮೆ ಕಲೆಸಿದರೆ ಮೂರು ಬೇರೆ ಕಾರ್ಡ್ ಬೀಳುತ್ತವೆ. ಆಮೇಲೆ ಮನಸ್ಸು ಒಪ್ಪುವುದನ್ನು ಆರಿಸಿಕೊಳ್ಳುವುದಷ್ಟೇ ಉಳಿಯುತ್ತದೆ. ಪರಿಸ್ಥಿತಿಯಲ್ಲಿ ಏನಾದರೂ ನಿಜವಾಗಿ ಬದಲಾದ ಮೇಲೆ ಮಾತ್ರ, ಉದಾಹರಣೆಗೆ ಆ ಅಣ್ಣನೊಂದಿಗೆ ಮಾತುಕತೆ ಮುಗಿದ ಮೇಲೆ, ಮತ್ತೆ ತೆಗೆಯಿರಿ. ಕಾಯಿಲೆ, ಸಾಲ, ಕೋರ್ಟಿನ ವ್ಯಾಜ್ಯದ ಪ್ರಶ್ನೆಗಳನ್ನು ಕಟ್ಟು ಬಿಚ್ಚುವ ಮೊದಲೇ ವೈದ್ಯರಿಗೆ, ಬ್ಯಾಂಕಿನವರಿಗೆ, ವಕೀಲರಿಗೆ ದಾಟಿಸಿಬಿಡಿ.