ಹಳೇ ಮಾಲೀಕರಿಗೆ ಇಮೇಲ್: ಕೆಲಸದ ಬಗ್ಗೆ ಕೇಳಿ, ಮನೆ ವಿಷಯ ಬೇಡ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಿಮ್ಮದೊಂದು ಜೀನ್ಸ್ ಘಟಕ ಇದೆ ಎಂದಿಟ್ಟುಕೊಳ್ಳಿ. ಸ್ಟೋರ್ ನೋಡಿಕೊಳ್ಳಲು ಒಬ್ಬರು ಬೇಕು. ಬಟ್ಟೆ ರೋಲ್, ಜಿಪ್, ಗುಂಡಿ, ದಾರ ಎಲ್ಲದರ ಲೆಕ್ಕ ಇಟ್ಟು ಹೊಲಿಗೆಯವರಿಗೆ ಕೊಡುವ ಕೆಲಸ. ಬಂದ ಹುಡುಗ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಸುಮಾರು ಮೂರು ವರ್ಷ ಸ್ಟೋರ್ ಕೀಪರ್ ಆಗಿದ್ದೆ ಎನ್ನುತ್ತಾನೆ. ಮಾತು ಚೆನ್ನಾಗಿದೆ. ಮುಂದೆ ನಮ್ಮ ಕಡೆ ಮಾಡುವುದು ಒಂದೇ: ಮಿಲ್ಲಿಗೆ ಫೋನ್ ಹಚ್ಚಿ "ಸಾವ್ಕಾರ್ರೇ, ಆ ಹುಡುಗ ಹೆಂಗ್ರೀ?" ಎಂದು ಕೇಳುವುದು.

ಕೆಡುವುದು ಇಲ್ಲೇ. "ಹೆಂಗ್ರೀ" ಎಂದು ಕೇಳಿದರೆ ಆ ಕಡೆಯವರಿಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ, ಬಾಯಿಗೆ ಬಂದದ್ದು ಹೇಳುತ್ತಾರೆ. ಯಾರ ಪೈಕಿ, ಅಪ್ಪ ಏನು ಮಾಡುತ್ತಾನೆ, ಮದುವೆ ಯಾಕೆ ಮುರಿಯಿತು, ಯಾವ ಕಾಯಿಲೆಗೆ ರಜೆ ಹಾಕಿದ್ದ ಎಲ್ಲವೂ ಎರಡು ನಿಮಿಷದಲ್ಲಿ ಹೊರಗೆ ಬರುತ್ತದೆ. ನೀವು ಕೇಳಿರಲಿಲ್ಲ, ಆದರೆ ಕೇಳಿಸಿಕೊಂಡಿರಿ. ನಾಳೆ ಅವನನ್ನು ಬೇಡ ಎಂದರೆ ಕಾರಣ ಸ್ಟೋರ್ ಲೆಕ್ಕವೋ ಅವನ ಜಾತಿಯೋ ಎಂದು ನಿಮಗೇ ಖಾತ್ರಿ ಇರುವುದಿಲ್ಲ. ಅದಕ್ಕೇ ಇಮೇಲ್ ಬರೆಯಿರಿ, ಅದರಲ್ಲಿ ಎಣಿಸಿದ ಪ್ರಶ್ನೆಗಳನ್ನು ಮಾತ್ರ ಹಾಕಿ.

ಮೊದಲು ಹುಡುಗನ ಒಪ್ಪಿಗೆ ತೆಗೆದುಕೊಳ್ಳಿ, ಬರಹದಲ್ಲಿ. ಯಾವ ಸಂಸ್ಥೆಯನ್ನು ಕೇಳುತ್ತೀರಿ, ಏನೇನು ಕೇಳುತ್ತೀರಿ ಎಂದು ಎರಡು ಸಾಲು ಬರೆದು ಸಹಿ ಹಾಕಿಸಿದರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ತಿರುಳೂ ಇದೇ: ಒಪ್ಪಿಗೆ ಯಾವ ಕೆಲಸಕ್ಕೆ ಕೊಟ್ಟರೋ ಆ ಕೆಲಸಕ್ಕೆ ಬೇಕಾದಷ್ಟು ಮಾಹಿತಿ ಮಾತ್ರ ತೆಗೆದುಕೊಳ್ಳಬೇಕು. ಅವನು ಇನ್ನೂ ಅದೇ ಮಿಲ್ಲಿನಲ್ಲಿ ಇದ್ದರೆ ಈಗಲೇ ಕೇಳಬೇಡಿ. ರಾಜೀನಾಮೆ ಕೊಡುವ ಮುಂಚೆ ಸುದ್ದಿ ಹೋದರೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅನ್ನುವ ಹಾಗೆ ಆಗುತ್ತದೆ, ಅದು ತುಂಬಾ ಅನ್ಯಾಯ.

ಆಮೇಲೆ ವಿಳಾಸ. ಹುಡುಗ ಕೊಟ್ಟ ಮೊಬೈಲ್ ನಂಬರ್ ಮಿಲ್ಲಿನದೇ ಎಂದು ಹೇಗೆ ಗೊತ್ತು? ಅವನ ಮಾವನ ಮಗನದೂ ಇರಬಹುದು. ಮಿಲ್ಲಿನ ಬಿಲ್ಲಿನ ಮೇಲೋ ಬೋರ್ಡಿನ ಮೇಲೋ ಇರುವ ನಂಬರನ್ನು ನೀವೇ ಹುಡುಕಿ, ಆಫೀಸಿಗೆ ಫೋನ್ ಮಾಡಿ, "ನೌಕರರ ದಾಖಲೆ ಯಾರು ನೋಡುತ್ತಾರೆ, ಯಾವ ಇಮೇಲಿಗೆ ಬರೆಯಲಿ" ಎಂದಷ್ಟೇ ಕೇಳಿ. ಸಣ್ಣ ಮಿಲ್ಲುಗಳಲ್ಲಿ ಆಫೀಸಿನ ಇಮೇಲನ್ನು ಕಂಪ್ಯೂಟರ್ ಆಪರೇಟರ್ ತೆರೆಯುತ್ತಾರೆ, ಪಕ್ಕದಲ್ಲಿ ನಾಲ್ಕು ಜನ ಇರುತ್ತಾರೆ. ಹಾಗಾಗಿ ವಿಷಯದ ಸಾಲಿನಲ್ಲಿ ಹುಡುಗನ ಹೆಸರು ಬೇಡ.

ಇಮೇಲ್ ಹೀಗಿರಲಿ:

ವಿಷಯ: ಹಿಂದಿನ ನೌಕರರೊಬ್ಬರ ಕೆಲಸದ ವಿವರ ಕೋರಿ

ನಮಸ್ಕಾರ,

ಶ್ರೀ ______ ಅವರು ನಮ್ಮ ಘಟಕದಲ್ಲಿ ಸ್ಟೋರ್ ಕೀಪರ್ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಮೊದಲು ನಿಮ್ಮಲ್ಲಿ ಇದ್ದೆ ಎಂದು ತಿಳಿಸಿದ್ದಾರೆ. ನಿಮ್ಮನ್ನು ವಿಚಾರಿಸಲು ಅವರು ಒಪ್ಪಿ ಸಹಿ ಮಾಡಿದ ಪತ್ರದ ಪ್ರತಿ ಜೊತೆಗಿದೆ. ದಯವಿಟ್ಟು ಇಷ್ಟು ತಿಳಿಸಿ:

1. ಅವರು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನಿಮ್ಮಲ್ಲಿ ಇದ್ದರು?
2. ಹುದ್ದೆ ಯಾವುದು, ಮುಖ್ಯವಾಗಿ ಏನು ಕೆಲಸ ಮಾಡುತ್ತಿದ್ದರು?
3. ಸ್ಟಾಕ್ ರಿಜಿಸ್ಟರ್ ಅವರೇ ಬರೆಯುತ್ತಿದ್ದರಾ? ಎಣಿಕೆ ಮಾಡಿದಾಗ ಪುಸ್ತಕಕ್ಕೂ ಮಾಲಿಗೂ ತಾಳೆ ಆಗುತ್ತಿತ್ತೆ? ವ್ಯತ್ಯಾಸ ಬಂದಿದ್ದರೆ ದಾಖಲೆಯಲ್ಲಿ ಇರುವಷ್ಟು ಮಾತ್ರ ತಿಳಿಸಿ.
4. ಅವರಾಗಿಯೇ ಕೆಲಸ ಬಿಟ್ಟರೋ, ಸಂಸ್ಥೆಯೇ ಬಿಡಿಸಿತೋ?
5. ಮತ್ತೆ ಇದೇ ಕೆಲಸಕ್ಕೆ ಬಂದರೆ ತೆಗೆದುಕೊಳ್ಳುತ್ತೀರಾ? ಹೌದು ಅಥವಾ ಇಲ್ಲ ಎಂದರೆ ಸಾಕು.

ಅವರ ಕುಟುಂಬ, ಜಾತಿ, ಆರೋಗ್ಯ ಅಥವಾ ಸ್ವಂತ ವಿಷಯ ಏನೂ ನಮಗೆ ಬೇಡ, ದಯವಿಟ್ಟು ಬರೆಯಬೇಡಿ. ಕೆಲವು ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ನಿಮ್ಮಲ್ಲಿ ಇಲ್ಲದಿದ್ದರೆ ಮೊದಲ ಎರಡಕ್ಕೆ ಉತ್ತರಿಸಿದರೂ ಸಾಕು.

ಕೆಳಗೆ ನಿಮ್ಮ ಹೆಸರು, ಹುದ್ದೆ, ಘಟಕದ ವಿಳಾಸ, ಆಫೀಸ್ ಫೋನ್.

ಮೊದಲ ಪ್ರಶ್ನೆಯನ್ನು ಗಮನಿಸಿದಿರಾ? ಹುಡುಗ ಹೇಳಿದ ತಾರೀಖು ಅದರಲ್ಲಿ ಇಲ್ಲ. "2021ರ ಜೂನ್‌ನಿಂದ 2024ರ ಮಾರ್ಚ್‌ವರೆಗೆ ಇದ್ದದ್ದು ನಿಜವೇ" ಎಂದು ಕೇಳಿದರೆ ಅವರು ಪುಸ್ತಕ ತೆಗೆಯದೇ "ಹೌದ್ರೀ" ಎಂದು ಬರೆದು ಬಿಡುತ್ತಾರೆ. ತಾರೀಖು ಅವರೇ ಹುಡುಕಿ ಕೊಡಬೇಕು, ಆಗಲೇ ಅದಕ್ಕೆ ಬೆಲೆ.

ಮೂರನೇ ಪ್ರಶ್ನೆ ಈ ಕೆಲಸಕ್ಕೆ ಮಾತ್ರ ಹೊಂದುವಂಥದ್ದು. ಹೊಲಿಗೆ ಮೇಲ್ವಿಚಾರಕರನ್ನು ತೆಗೆದುಕೊಳ್ಳುವಾಗ ಸ್ಟಾಕ್ ಕೇಳಿ ಏನು ಪ್ರಯೋಜನ? ಕೇಳುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ: ಉತ್ತರ ಬಂದರೆ ನಮ್ಮ ಕೆಲಸದ ಯಾವ ಭಾಗಕ್ಕೆ ಅದು ಬೇಕು ಎಂದು ಬೆರಳಿಟ್ಟು ತೋರಿಸಲು ಆಗದಿದ್ದರೆ ಆ ಪ್ರಶ್ನೆ ತೆಗೆದುಹಾಕಿ. ಮದುವೆ ಆಗಿದೆಯಾ, ಹೆಣ್ಣುಮಗಳಾದರೆ ಮಕ್ಕಳು ಮಾಡಿಕೊಳ್ಳುವ ಯೋಚನೆ ಇದೆಯಾ, ಕಾರ್ಮಿಕ ಸಂಘದಲ್ಲಿ ಇದ್ದನಾ, ಪಿಎಫ್ ಬಾಕಿಗೆ ದೂರು ಕೊಟ್ಟಿದ್ದನಾ ಎನ್ನುವುದೆಲ್ಲ ಆಗಲೇ ಬಿದ್ದು ಹೋಗುತ್ತದೆ. ನಮ್ಮಲ್ಲಿ ಕೇಳಬಾರದ ಪ್ರಶ್ನೆಗಳನ್ನು ಒಂದೇ ಕಾನೂನು ಪಟ್ಟಿ ಮಾಡಿ ಕೊಟ್ಟಿಲ್ಲ, ಬೇರೆ ಬೇರೆ ಕಾಯ್ದೆಗಳಲ್ಲಿ ಹರಡಿಕೊಂಡಿದೆ. ಎಚ್‌ಐವಿ ಇದೆ ಎಂದು ಕೆಲಸ ನಿರಾಕರಿಸುವುದನ್ನು 2017ರ ಕಾಯ್ದೆ ತಡೆಯುತ್ತದೆ. ಒಂದೇ ತರಹದ ಕೆಲಸಕ್ಕೆ ತೆಗೆದುಕೊಳ್ಳುವಾಗ ಹೆಣ್ಣು ಗಂಡು ಭೇದ ಮಾಡಬಾರದು ಎಂದು 2019ರ ವೇತನ ಸಂಹಿತೆ ಹೇಳುತ್ತದೆ. ಸಂಬಳವನ್ನೂ ಹಳೇ ಮಾಲೀಕರ ಹತ್ತಿರ ಕೇಳಬೇಡಿ ಎನ್ನುತ್ತೇನೆ ನಾನು. ಬೇಕಾದರೆ ಹುಡುಗನೇ ಸಂಬಳದ ಚೀಟಿ ತೋರಿಸುತ್ತಾನೆ.

ಈಗ ಉತ್ತರ ಬಂತು ಎನ್ನೋಣ. ಹುದ್ದೆ ಸರಿ ಇದೆ, ಲೆಕ್ಕ ತಾಳೆ ಆಗುತ್ತಿತ್ತು, ಅವನೇ ಬಿಟ್ಟ. ಆದರೆ ಕೊನೆಯ ತಾರೀಖು 2024ರ ಜನವರಿ ಎಂದಿದೆ, ಹುಡುಗ ಮಾರ್ಚ್ ಎಂದಿದ್ದ. ಎರಡು ತಿಂಗಳ ವ್ಯತ್ಯಾಸ. ಸುಳ್ಳುಗಾರ ಎಂದು ತಕ್ಷಣ ಅಳೆದು ಬಿಡಬೇಡಿ, ಅವನನ್ನು ಕರೆದು ಕೇಳಿ. ಜನವರಿಗೆ ಮಿಲ್ ನಿಂತಿತು, ಆಮೇಲೆ ಎರಡು ತಿಂಗಳು ಉಳಿದ ಚೀಲ ಎಣಿಸಿ ಒಪ್ಪಿಸುತ್ತಿದ್ದೆ ಎಂದು ಅವನು ಹೇಳಬಹುದು. ಪಿಎಫ್ ಇದ್ದರೆ ಇದನ್ನು ನೋಡುವುದು ಸುಲಭ. ಅವನೇ ಪಿಎಫ್ ಸದಸ್ಯರ ವೆಬ್‌ಸೈಟಿಗೆ ತನ್ನ ಪಿಎಫ್ ಸಂಖ್ಯೆಯಾದ ಯುಎಎನ್‌ನಿಂದ ಲಾಗಿನ್ ಆಗಿ `View` ಅಡಿಯಲ್ಲಿ `Service History` ತೆರೆದು ತೋರಿಸಲಿ, ಪಾಸ್‌ವರ್ಡ್ ನೀವು ಕೇಳಬೇಡಿ. ಬಿಟ್ಟ ತಾರೀಖನ್ನು ನೌಕರನೂ ತಾನೇ ತುಂಬಲು ಅವಕಾಶ ಇರುವುದರಿಂದ ಅದೊಂದನ್ನೇ ನಂಬದೆ ಪಾಸ್‌ಬುಕ್‌ನಲ್ಲಿ ತಿಂಗಳುವಾರು ಮಾಲೀಕರ ಪಾಲು ಯಾವಾಗಿನವರೆಗೆ ಬಿದ್ದಿದೆ ಎಂದು ನೋಡಿ. ಫೆಬ್ರವರಿ, ಮಾರ್ಚ್‌ಗೂ ಬಿದ್ದಿದ್ದರೆ ಹುಡುಗನ ಮಾತು ಸರಿ, ಮಿಲ್ಲಿನವರು ಮಿಲ್ ನಿಂತ ತಿಂಗಳನ್ನೇ ಬರೆದಿದ್ದಾರೆ. ಬಿದ್ದಿಲ್ಲದಿದ್ದರೂ ಅಷ್ಟಕ್ಕೇ ಸುಳ್ಳು ಎಂದಾಗುವುದಿಲ್ಲ, ಎರಡು ತಿಂಗಳು ಕೈಗೆ ಕೂಲಿ ಕೊಟ್ಟಿರಬಹುದು. ಮಿಲ್ಲಿಗೆ ಇನ್ನೊಂದು ಸಾಲು ಬರೆದು ಆ ಎರಡು ತಿಂಗಳ ಬಗ್ಗೆ ಮಾತ್ರ ಕೇಳಿ.

ಉತ್ತರವೇ ಬರದಿದ್ದರೆ? ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಅದು ಹುಡುಗನ ತಪ್ಪಲ್ಲ. ಅನುಭವ ಪತ್ರ, ಸಂಬಳದ ಚೀಟಿ, ಪಾಸ್‌ಬುಕ್ ನೋಡಿ ನಿರ್ಧಾರ ಮಾಡಿ, ಬೇಕಾದರೆ ಸ್ಟೋರಿನಲ್ಲಿ ಒಂದು ರ‍್ಯಾಕ್ ಎಣಿಸಿ ರಿಜಿಸ್ಟರ್ ಬರೆಯಲು ಹೇಳಿ ನೋಡಿ.

ಬೇಡ ಎಂದರೂ ಕೆಲವರು ಕೊನೆಯಲ್ಲಿ ಮನೆ ವಿಷಯ ಬರೆದು ಕಳಿಸುತ್ತಾರೆ. ಆ ಮೇಲ್ ಅನ್ನು ಸಂದರ್ಶನ ಮಾಡಿದ ಬೇರೆಯವರಿಗೆ ಫಾರ್ವರ್ಡ್ ಮಾಡಬೇಡಿ. ಐದು ಪ್ರಶ್ನೆಯ ಉತ್ತರವನ್ನು ಒಂದು ಹಾಳೆಗೆ ಇಳಿಸಿಕೊಂಡು ಅದನ್ನೇ ತೋರಿಸಿ, ನಿರ್ಧಾರ ಆದ ಮೇಲೆ ಮೂಲ ಮೇಲ್ ಅಳಿಸಿ.