ಸರಾಸರಿ 20.003, ಆದರೂ ನೂರಕ್ಕೊಂದು ಪಿನ್ ವಾಪಸ್: ಸಿಪಿಕೆ–ಪಿಪಿಕೆ ಅಂತರ ಹಿಡಿದು ಸರಿಮಾಡಿದ್ದು

ಮೈಸೂರು ಹೆಬ್ಬಾಳದ ನಮ್ಮ ಶಾಪಿನಲ್ಲಿ ಸಿಎನ್‌ಸಿ ಲೇತ್ ಮೇಲೆ ಓಡುವ ಪಿನ್ ಇದು. ಹೊರವ್ಯಾಸ 20 ಮಿ.ಮೀ., ಟಾಲರೆನ್ಸ್ ಪ್ಲಸ್ ಮೈನಸ್ 20 ಮೈಕ್ರಾನ್. ಲಾಟ್‌ನ ಸರಾಸರಿ 20.003 ಬರುತ್ತಿತ್ತು. ಹಾಗಿದ್ದೂ ಐದು ಸಾವಿರದ ಲಾಟ್‌ನಲ್ಲಿ ಐವತ್ತರಷ್ಟು ಪಿನ್ ವಾಪಸ್ಸಾಗುತ್ತಿದ್ದವು, ಜೊತೆಗೆ ಗ್ರಾಹಕರ ಕಡೆಯ ಸಾರ್ಟಿಂಗ್ ಖರ್ಚಿನ ಡೆಬಿಟ್ ನೋಟ್ ಬೇರೆ. ಮೆಷಿನ್ ಹಳೆಯದಾಯಿತು, ಹೊಸದು ತನ್ನಿ ಎಂಬುದೇ ಎಲ್ಲರ ಸಲಹೆ. ಕೊಟೇಶನ್ ಸುಮಾರು 28 ಲಕ್ಷ. ಅಂಕಿ ಮಾತ್ರ ಬೇರೆಯದೇ ಹೇಳಿತು. ಟಾಲರೆನ್ಸ್ ಒಳಗೆ ಸೈಜ್ ಎಷ್ಟು ಸಲೀಸಾಗಿ ಕೂರುತ್ತದೆ ಎಂದು ತೋರಿಸುವ ಅಂಕಿಗಳೇ ಸಿಪಿಕೆ, ಪಿಪಿಕೆ: ಸಿಪಿಕೆ ಸಾಲಾಗಿ ಬಂದ ಪಿನ್‌ಗಳ ವ್ಯತ್ಯಾಸದಿಂದ, ಪಿಪಿಕೆ ಎಲ್ಲ ಪಿನ್‌ಗಳ ಒಟ್ಟು ವ್ಯತ್ಯಾಸದಿಂದ.

ಮೊದಲು ಅಳತೆ. ಸಾಮಾನ್ಯ ಮೈಕ್ರೋಮೀಟರ್‌ನಲ್ಲಿ ಗೇಜ್ ಆರ್ ಅಂಡ್ ಆರ್, ಅಂದರೆ ಅದೇ ಪಿನ್‌ಗಳನ್ನು ಬೇರೆ ಬೇರೆಯವರು ಮತ್ತೆ ಮತ್ತೆ ಅಳೆಯುವ ಪರೀಕ್ಷೆ, ಮಾಡಿದಾಗ ಟಾಲರೆನ್ಸ್‌ನ ಮೂರನೇ ಒಂದು ಭಾಗಕ್ಕೂ ಹೆಚ್ಚು ಅಳತೆಯ ವ್ಯತ್ಯಾಸದಲ್ಲೇ ಹೋಗುತ್ತಿತ್ತು. ಡಯಲ್ ಇರುವ ಸ್ನ್ಯಾಪ್ ಗೇಜ್‌ಗೆ ಬದಲಿಸಿದ ಮೇಲೆ 14 ಪರ್ಸೆಂಟ್ ಆಸುಪಾಸಿಗೆ ಇಳಿಯಿತು. ಪಿನ್ ಬಿಸಿಯಿರುವಾಗ ಅಳೆಯಬಾರದು. 20 ಮಿ.ಮೀ. ಸ್ಟೀಲ್ 10 ಡಿಗ್ರಿ ಹೆಚ್ಚು ಕಾದರೆ ಎರಡು ಮೈಕ್ರಾನ್‌ಗೂ ಮೇಲೆ ಹಿಗ್ಗುತ್ತದೆ.

ಆಮೇಲೆ ಸ್ಯಾಂಪಲ್. ಸಾರ್ಟ್ ಮಾಡಿದ ಟ್ರೇಯಿಂದ ತೆಗೆದರೆ ಕೆಲಸ ಕೆಟ್ಟಿತು. ಬೇಕೆಂದೇ ಹಾಗೊಮ್ಮೆ ಮಾಡಿ ನೋಡಿದೆವು: ಹಿಸ್ಟೋಗ್ರಾಮ್‌ನ ಎರಡೂ ತುದಿ ಕತ್ತರಿಸಿದಂತೆ ಬಂತು, ಪಿಪಿಕೆ ಸುಳ್ಳು ಹೇಳಿತು. ಆದ್ದರಿಂದ ಮೆಷಿನ್‌ನಿಂದ ಇಳಿದ ಕ್ರಮದಲ್ಲೇ, ಗಂಟೆಗೊಮ್ಮೆ ಸಾಲಾಗಿ ಐದೈದು ಪಿನ್, ಒಟ್ಟು 25 ಗುಂಪು. ಪ್ರತಿ ಗುಂಪಿನ ಪಕ್ಕದಲ್ಲಿ ಕತ್ತರಿಸುವ ತುದಿಯಾದ ಇನ್ಸರ್ಟ್‌ನ ಬದಲಾವಣೆ, ಊಟದ ಬಿಡುವು, ಟೂಲ್‌ನ ಜಾಗ ತಿದ್ದುವ ಆಫ್‌ಸೆಟ್ ಎಲ್ಲ ಬರೆದಿಟ್ಟುಕೊಂಡೆವು. ಗುಂಪಿನ ಅತಿ ದೊಡ್ಡ, ಅತಿ ಚಿಕ್ಕ ಪಿನ್ ನಡುವಿನ ಅಂತರವೇ ರೇಂಜ್; ಅದರ ಸರಾಸರಿ 0.0095, ಐದರ ಗುಂಪಿಗೆ ಭಾಜಕ 2.326. ಸಿಗ್ಮಾ ಎಂದರೆ ಸೈಜಿನ ಹರಡುವಿಕೆ, 0.017 ಎಂದರೆ ಸರಾಸರಿಯಿಂದ ಮೇಲಿನ ಗಡಿಗಿರುವ ದೂರ. ಸಿಪಿ ಸರಾಸರಿ ಎಲ್ಲಿದೆಯೆಂದು ನೋಡುವುದಿಲ್ಲ, ಹರಡುವಿಕೆಯನ್ನಷ್ಟೇ ನೋಡುತ್ತದೆ.

```
σ(within)  = 0.0095 / 2.326 = 0.0041
Cp  = 0.040 / (6 × 0.0041) = 1.63
Cpk = 0.017 / (3 × 0.0041) = 1.38
σ(overall) = STDEV.S(A1:A125) = 0.0074
Ppk = 0.017 / (3 × 0.0074) = 0.77
```

ಗ್ರಾಹಕರು ಕೇಳಿದ್ದು ಪಿಪಿಕೆ 1.33. ಇಲ್ಲಿ ನೋಡಬೇಕಾದದ್ದು 1.38 ಮತ್ತು 0.77ರ ನಡುವಿನ ಅಂತರ. ಸಾಲಾಗಿ ಬಂದ ಐದು ಪಿನ್‌ಗಳ ಮಟ್ಟಿಗೆ ಮೆಷಿನ್ ಚೆನ್ನಾಗಿಯೇ ಇದೆ. ಗಂಟೆಯಿಂದ ಗಂಟೆಗೆ ಸೈಜ್ ಓಡಾಡುತ್ತಿದೆ. ಹೊಸ ಮೆಷಿನ್ ತಂದಿದ್ದರೂ ಈ ಓಡಾಟ ಅದರ ಮೇಲೂ ಇರುತ್ತಿತ್ತು.

ಓಡಾಟಕ್ಕೆ ದೊಡ್ಡ ಕಾರಣ ಆಫ್‌ಸೆಟ್. "ಸಾರ್, ಎಂಟು ಜಾಸ್ತಿ ಬಂತು, ಎಂಟು ಇಳಿಸ್ದೆ" ಎನ್ನುತ್ತಿದ್ದರು ಆಪರೇಟರ್. ಸಿಗ್ಮಾ 4.1 ಮೈಕ್ರಾನ್ ಇರುವಾಗ ಒಂದು ಪಿನ್ ಎಂಟು ಮೈಕ್ರಾನ್ ಜಾಸ್ತಿ ಬರುವುದು ಸಹಜ, ಪ್ರೋಸೆಸ್ ಜರುಗಿರುವುದಿಲ್ಲ. ಎಂಟು ಇಳಿಸಿದ ಕೂಡಲೇ ನಿಜವಾಗಿ ಜರುಗುತ್ತದೆ. ಮುಂದಿನ ಪಿನ್ ಹನ್ನೆರಡು ಕಡಿಮೆಯೂ ಬರಬಹುದು, ಆಗ ಮತ್ತೆ ಏರಿಸುತ್ತಾರೆ. ಈಗಿನ ನಿಯಮ: ಒಂದು ಪಿನ್ ನೋಡಿ ಆಫ್‌ಸೆಟ್ ಮುಟ್ಟುವಂತಿಲ್ಲ. ಐದರ ಸರಾಸರಿ 20 ಮಿ.ಮೀ.ಯಿಂದ ಆಚೀಚೆ ಆರು ಮೈಕ್ರಾನ್ ದಾಟಿದರೆ ಮಾತ್ರ ತಿದ್ದುವುದು. ಐದರ ಸರಾಸರಿಯ ಸಿಗ್ಮಾ 4.1ನ್ನು ರೂಟ್ ಐದರಿಂದ ಭಾಗಿಸಿದರೆ ಸುಮಾರು 1.8, ಅದರ ಮೂರು ಪಟ್ಟು ಐದೂವರೆ. ಆರು ಎಂಬ ಗಡಿ ಬಂದದ್ದು ಹೀಗೆ. ದಾಟಿದಾಗ ಎಷ್ಟು ತಿದ್ದಬೇಕೆಂಬ ಚಾರ್ಟ್ ನಮ್ಮದೇ, ಅದು ಶಾಪಿನಲ್ಲೇ ಇರಲಿ.

ಎರಡನೆಯದು ಇನ್ಸರ್ಟ್. ಮೊದಲ ಹತ್ತಿಪ್ಪತ್ತು ಪಿನ್‌ನಲ್ಲಿ ಬೇಗ ಸವೆದು, ಆಮೇಲೆ ನಿಧಾನವಾಗಿ, 200 ದಾಟಿದ ಮೇಲೆ ಮತ್ತೆ ಜೋರಾಗಿ ಸವೆಯುತ್ತಿತ್ತು. ಹೊರವ್ಯಾಸವೂ ಅದೇ ತರಹ ಏರುತ್ತಿತ್ತು. 300ಕ್ಕೆ ಬದಲಿಸುತ್ತಿದ್ದ ಎಡ್ಜ್ ಈಗ 180ಕ್ಕೆ ಬದಲು. ಎಡ್ಜ್‌ಗೆ ನೂರು ರೂಪಾಯಿ ಹಿಡಿದರೆ ಪಿನ್‌ಗೆ 22 ಪೈಸೆ ಹೆಚ್ಚು. ಟೂಲ್ ಖರ್ಚು ಏರಿತೆಂದು ಗೊಣಗಿದವರು ಡೆಬಿಟ್ ನೋಟ್ ನಿಂತ ಮೇಲೆ ಸುಮ್ಮನಾದರು.

ಮೂರನೆಯದು ತಣ್ಣಗಿನ ಮೆಷಿನ್. ಬೆಳಗಿನ ಮೊದಲ ಗಂಟೆ ಸೈಜ್ ಎಂಟು-ಹತ್ತು ಮೈಕ್ರಾನ್ ಜರುಗುತ್ತಿತ್ತು, ಊಟದ ನಂತರವೂ ಸ್ವಲ್ಪ. 20 ನಿಮಿಷದ ವಾರ್ಮ್‌ಅಪ್ ಪ್ರೋಗ್ರಾಂ ಹಾಕಿದೆವು. ಸ್ಪಿಂಡಲ್ ಒಂದನ್ನೇ ತಿರುಗಿಸಿ ನೋಡಿದಾಗ ಅರ್ಧ ಮಾತ್ರ ಸರಿಹೋಯಿತು. ಎಕ್ಸ್ ಸ್ಲೈಡನ್ನೂ ಓಡಿಸಬೇಕು, ಬಾಲ್‌ಸ್ಕ್ರೂ ಕಾಯಬೇಕು.

ಮತ್ತೆ 25 ಗುಂಪು ಅಳೆದಾಗ ರೇಂಜ್ ಹೆಚ್ಚುಕಡಿಮೆ ಅಷ್ಟೇ ಇತ್ತು, ಆದರೆ ಒಟ್ಟು ಸಿಗ್ಮಾ 4.5ಕ್ಕೆ ಇಳಿದಿತ್ತು. ಸರಾಸರಿ 20.001, ಪಿಪಿಕೆ 1.4. ಅದೇ ಹಳೆಯ ಲೇತ್!

ಇದಾದ ಮೇಲೆ ಅದೇ ಪಿನ್‌ನ ಇನ್ನೊಂದು ಡ್ರಾಯಿಂಗ್ ಬಂತು, ಪ್ಲಸ್ ಮೈನಸ್ 12. ಒಟ್ಟು 24 ಮೈಕ್ರಾನ್, ಆರು ಸಿಗ್ಮಾ 24.6; ಸಿಪಿ 0.98. ಓಡಾಟವನ್ನೆಲ್ಲ ಸೊನ್ನೆ ಮಾಡಿದರೂ ಈ ಲೇತ್‌ಗೆ ಅದು ಆಗದು. ಟರ್ನಿಂಗ್‌ನಲ್ಲಿ ಸ್ಟಾಕ್ ಬಿಟ್ಟು ಸೆಂಟರ್‌ಲೆಸ್ ಗ್ರೈಂಡಿಂಗ್ ಸೇರಿಸಿಯೇ ರೇಟ್ ಕೊಟ್ಟೆವು.