ಗರ್ಭಪಾತವಾದರೆ ಆರು ವಾರ ಸಂಬಳದ ರಜೆ: ಕೇಳುವುದು ಹೇಗೆ?

ಗರ್ಭ ನಿಲ್ಲಲಿಲ್ಲ ಅಂತ ನಾಲ್ಕು ದಿನ ಸಿಕ್ ಲೀವ್ ಹಾಕಿ, ಇನ್ನೂ ರಕ್ತಸ್ರಾವ ಇರುವಾಗಲೇ ಕೆಲಸಕ್ಕೆ ಹೋಗುವ ಹೆಂಗಸರು ತುಂಬಾ ಜನ ಇದ್ದಾರೆ. ಹಾಗೆ ಹೋಗಬೇಕಾಗಿಲ್ಲ. ಗರ್ಭಪಾತ ಆದರೂ, ಡಾಕ್ಟರ್ ಬಳಿ ಕಾನೂನು ಪ್ರಕಾರ ಗರ್ಭ ತೆಗೆಸಿಕೊಂಡರೂ, ಮಾರನೇ ದಿನದಿಂದ ಆರು ವಾರ ಸಂಬಳ ಸಮೇತ ರಜೆ ಸಿಗಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೇ ಇದೆ. ಕಾರ್ಖಾನೆಗೆ ಅನ್ವಯಿಸುತ್ತದೆ, ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವ ಅಂಗಡಿ, ಆಫೀಸಿಗೂ ಅನ್ವಯಿಸುತ್ತದೆ.

ಮೊದಲ ಕೆಲಸ, ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಡಾಕ್ಟರ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಅದರಲ್ಲಿ ಗರ್ಭಪಾತ ಆದ ಅಥವಾ ಗರ್ಭ ತೆಗೆದ ತಾರೀಖು ಸ್ಪಷ್ಟವಾಗಿ ಇರಬೇಕು, ಡಾಕ್ಟರ್ ಸಹಿ, ನೋಂದಣಿ ಸಂಖ್ಯೆ ಇರಬೇಕು. ಬರೀ 'ವಿಶ್ರಾಂತಿ ಬೇಕು' ಅಂತ ಬರೆಸಿಕೊಂಡು ಬಂದರೆ ಎಚ್‌ಆರ್‌ನವರು ಅದನ್ನು ಮಾಮೂಲಿ ಸಿಕ್ ಲೀವ್‌ಗೆ ಸೇರಿಸಿಬಿಡುತ್ತಾರೆ. ಗರ್ಭ ಯಾಕೆ ಹೋಯಿತು, ಯಾಕೆ ತೆಗೆಸಿದಿರಿ ಅನ್ನುವುದರ ವಿವರ ಬರೆಸಬೇಕಾಗಿಲ್ಲ. ಗರ್ಭ ತೆಗೆಸಿಕೊಂಡವರ ಹೆಸರು, ವಿವರವನ್ನು ಕಾನೂನಿನ ಅಧಿಕಾರ ಇಲ್ಲದವರಿಗೆ ಡಾಕ್ಟರ್ ಹೇಳುವಂತೆಯೇ ಇಲ್ಲ. ಅಂದಮೇಲೆ ಎಚ್‌ಆರ್‌ನವರು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸುವುದು ತಪ್ಪು.

ಎರಡನೆಯದು ಅರ್ಜಿ. ಇ-ಮೇಲ್‌ನಲ್ಲಿ, ನೇರ ಎಚ್‌ಆರ್‌ಗೇ ಕಳಿಸಿ. ಟೀಮಿನವರನ್ನು ಅದರಲ್ಲಿ ಸೇರಿಸಬೇಡಿ. ಇಷ್ಟು ಬರೆದರೆ ಸಾಕು: "ನನಗೆ ಮಾರ್ಚ್ 10ರಂದು ಗರ್ಭಪಾತವಾಗಿದೆ. ಮಾರ್ಚ್ 11ರಿಂದ ಏಪ್ರಿಲ್ 21ರವರೆಗೆ ಆರು ವಾರಗಳ ವೇತನಸಹಿತ ರಜೆ ಮಂಜೂರು ಮಾಡಬೇಕು. ವೈದ್ಯರ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಈ ವಿಷಯ ಗೋಪ್ಯವಾಗಿರಲಿ." ಆಗಲೇ ಸಿಕ್ ಲೀವ್ ಹಾಕಿದ್ದರೆ, ಆ ದಿನಗಳನ್ನು ಈ ರಜೆಗೆ ಬದಲಾಯಿಸಿ ನಿಮ್ಮ ಸಿಕ್ ಲೀವ್ ಲೆಕ್ಕಕ್ಕೆ ವಾಪಸ್ ಹಾಕಿ ಅಂತ ಅದೇ ಪತ್ರದಲ್ಲಿ ಕೇಳಿ.

ಜಾಸ್ತಿ ಎಡವಟ್ಟು ಆಗುವುದು ದುಡ್ಡಿನ ಲೆಕ್ಕದಲ್ಲಿ. ರಜೆ ಶುರುವಾಗುವ ಮುಂಚಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಸರಾಸರಿ ದಿನಗೂಲಿ ತೆಗೆಯಬೇಕು. ದಿನಕ್ಕೆ 900 ರೂಪಾಯಿ ಲೆಕ್ಕದಲ್ಲಿ ಕೆಲಸ ಮಾಡುವ ಒಬ್ಬರನ್ನು ತೆಗೆದುಕೊಳ್ಳಿ. ಡಿಸೆಂಬರ್, ಜನವರಿ, ಫೆಬ್ರವರಿ ಸೇರಿ ಅವರು 75 ದಿನ ಕೆಲಸ ಮಾಡಿದ್ದಾರೆ, ಬಂದಿದ್ದು 67,500 ರೂಪಾಯಿ, ಸರಾಸರಿ 900. ಅದನ್ನು 42 ದಿನಕ್ಕೆ ಗುಣಿಸಿದರೆ 37,800 ಆಗುತ್ತದೆ. ಕೆಲವು ಕಡೆ ಭಾನುವಾರ ಬಿಟ್ಟು 36 ದಿನಕ್ಕೆ ಲೆಕ್ಕ ಹಾಕಿ 32,400 ಕೊಡುತ್ತಾರೆ. ಅದು ಸರಿಯಲ್ಲ. ವಾರ ಅಂದರೆ ಭಾನುವಾರವೂ ಸೇರಿ ಏಳು ದಿನ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ, ಬಿ. ಶಾ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣ ತೋಟದ ಕೆಲಸದ ಹೆಣ್ಣುಮಗಳೊಬ್ಬಳ ಹೆರಿಗೆ ರಜೆಯದು, ಆದರೆ ಈ ರಜೆಗೂ ಹೆರಿಗೆ ಸೌಲಭ್ಯದ ದರದಲ್ಲೇ ಸಂಬಳ ಕೊಡಬೇಕು ಅಂತ ಕಾನೂನಲ್ಲೇ ಇರುವುದರಿಂದ ಲೆಕ್ಕ ಹಾಕುವ ರೀತಿಯೂ ಅದೇ.

ನೀವು ಇಎಸ್‌ಐಗೆ ಸೇರಿದ್ದರೆ (ಸಾಮಾನ್ಯವಾಗಿ ತಿಂಗಳ ಸಂಬಳ 21,000 ರೂಪಾಯಿ ಮೀರದವರು) ಈ ದುಡ್ಡು ಕೊಡುವುದು ಕಂಪನಿಯಲ್ಲ, ಇಎಸ್‌ಐ. ಸರ್ಟಿಫಿಕೇಟ್ ತೆಗೆದುಕೊಂಡು ನಿಮ್ಮ ಇಎಸ್‌ಐ ಶಾಖಾ ಕಚೇರಿಗೆ ಹೋಗಿ. ಆದರೂ ಕಂಪನಿಗೆ ತಿಳಿಸಲೇಬೇಕು, ಇಲ್ಲದಿದ್ದರೆ ಹಾಜರಿ ಪುಸ್ತಕದಲ್ಲಿ ಸುಮ್ನೆ ಗೈರು ಅಂತ ಬೀಳುತ್ತದೆ.

ಈಗ ಮಾಲೀಕರ ಕಡೆಯ ಮಾತು. ಈ ಆರು ವಾರ ಆಕೆಯಿಂದ ಕೆಲಸ ಮಾಡಿಸುವುದೇ ಕಾನೂನಿಗೆ ವಿರುದ್ಧ. 'ಮನೆಯಿಂದಲೇ ಸ್ವಲ್ಪ ನೋಡಿಕೊಳ್ಳಮ್ಮ' ಅಂದರೂ ಅದು ಕೆಲಸವೇ ಅಲ್ವಾ? ಮದುವೆ ಆಗಿದೆಯಾ, ಎಷ್ಟು ಮಕ್ಕಳಿದ್ದಾರೆ ಅಂತ ನೋಡಿ ರಜೆ ಕೊಡುವ ಹಾಗಿಲ್ಲ. ಎರಡು ಮಕ್ಕಳಾದ ಮೇಲೆ ಹೆರಿಗೆ ರಜೆ ಕಡಿಮೆಯಾಗುವ ನಿಯಮ ಇದೆಯಲ್ಲ, ಅದು ಈ ರಜೆಗೆ ಇಲ್ಲ. ಆರು ವಾರ ಮುಗಿದ ಮೇಲೂ ಸೋಂಕು, ರಕ್ತಹೀನತೆ ಹೀಗೆ ಇದರಿಂದಲೇ ಬಂದ ಕಾಯಿಲೆ ಇದ್ದರೆ, ಡಾಕ್ಟರ್ ಪ್ರಮಾಣಪತ್ರ ಕೊಟ್ಟು ಇನ್ನೂ ಒಂದು ತಿಂಗಳವರೆಗೆ ಸಂಬಳದ ರಜೆ ಕೇಳಬಹುದು.

ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು, ರಜೆ ಮುಗಿಯುವಷ್ಟರಲ್ಲಿ ನೋಟಿಸ್ ಅವಧಿಯೂ ಮುಗಿಯುವಂತೆ ನೋಟಿಸ್ ಕೊಡುವುದು, ಸಂಬಳ ಇಳಿಸುವುದು, ಇದ್ಯಾವುದೂ ಮಾಡುವಂತಿಲ್ಲ. 'ನೀನೇ ರಾಜೀನಾಮೆ ಕೊಟ್ಟುಬಿಡು' ಅಂದರೆ ಸಹಿ ಹಾಕಬೇಡಿ. ಬಾಯಿಮಾತಲ್ಲಿ ರಜೆ ಇಲ್ಲ ಅಂದರೆ ಅದನ್ನೇ ಇ-ಮೇಲ್‌ನಲ್ಲಿ ಬರೆದು, ಕಾರಣ ಲಿಖಿತವಾಗಿ ಕೊಡಿ ಅಂತ ಕೇಳಿ. ಆಮೇಲೂ ಕೊಡದಿದ್ದರೆ ನಿಮ್ಮ ಪ್ರದೇಶದ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ. ದೂರಿನ ಜೊತೆ ಸರ್ಟಿಫಿಕೇಟ್, ಅರ್ಜಿಯ ಪ್ರತಿ, ಹಿಂದಿನ ಮೂರು ತಿಂಗಳ ಪೇ ಸ್ಲಿಪ್ ಇರಲಿ. ತಡೆಹಿಡಿದ ಹಣ ಕೊಡಿ ಅಂತ ಮಾಲೀಕರಿಗೆ ಆದೇಶ ಮಾಡುವ ಅಧಿಕಾರ ಅವರಿಗೆ ಇದೆ.